ಅಂಗಳಕ್ಕೆ ಬಂದ ಲಿಫ್ಟ್

ಕೇಳುಗರೇ, ನಮಸ್ಕಾರ.

ಸಾಗರದ ಬಳಿಯ ನಮ್ಮ ಹಳ್ಳಿಯನ್ನು ಬಿಟ್ಟು ನಾನು ಮುಂಬಯಿ ಬಳಿಯ ಡೊಂಬಿವಲಿಗೆ ಬಂದದ್ದು ಒಂದು ಮಳೆಗಾಲದಲ್ಲಿ. ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಹಗಲೆಲ್ಲ ಲೋಕಲ್ ರೈಲಿನಲ್ಲಿ ನಿಂತು ಓಡಾಡುತ್ತಿದ್ದರೂ ಮೊದಲ ವಾರದ ಕನಸುಗಳಲ್ಲಿ ಬರೀ ಊರೇ ಇತ್ತು. ಎಂಟನೆಯ ರಾತ್ರಿ ನಮ್ಮ ಕಟ್ಟಡದ ಲಿಫ್ಟ್ ಕಾಣಿಸಿತು. ಜಾಲರಿ ಬಾಗಿಲು ಸರಿಸಿ ಕಾಲಿಟ್ಟರೆ ಊರಿನ ಅಂಗಳ! ಅಮ್ಮ ಅಡಿಕೆ ಹರವುತ್ತಿದ್ದಳು. ದಣಪೆಯ ಆಚೆ ರೈಲು ನಿಂತಿತ್ತು. ‘ಪುಢೀಲ್ ಸ್ಟೇಶನ್’ ಎಂದು ಮರಾಠಿಯಲ್ಲಿ ಘೋಷಣೆ ಬಂದಾಗ ಅಮ್ಮ ತಲೆಯೆತ್ತದೆ, “ಬೇಗ ಹತ್ತು, ಮುಂದಿನದು ನಮ್ಮ ಕೊಟ್ಟಿಗೆ” ಎಂದಳು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಎಂಟನೆಯ ರಾತ್ರಿಯೇ ಏಕೆ? ಫ್ರಾನ್ಸಿನ ನಿದ್ರಾ ವಿಜ್ಞಾನಿ ಮಿಶೆಲ್ ಝೂವೆ ತಮ್ಮದೇ ಎರಡೂವರೆ ಸಾವಿರ ಕನಸುಗಳನ್ನು ಬರೆದಿಟ್ಟುಕೊಂಡು ನೋಡಿದವರು. ಪ್ರಯಾಣ ಹೋದ ಊರು ಕನಸಿಗೆ ಬರಲು ಸುಮಾರು ಒಂದು ವಾರ ಹಿಡಿಯುತ್ತದೆ ಎಂಬುದು ಅವರ ಗಮನಕ್ಕೆ ಬಂತು. ಮುಂದೆ ಬೇರೆಯವರು ನಡೆಸಿದ ಅಧ್ಯಯನಗಳಲ್ಲಿಯೂ ಇದರ ಗುರುತು ಸಿಕ್ಕಿತು: ಹಗಲಿನ ಸಂಗತಿ ಅದೇ ರಾತ್ರಿ ಚೂರುಪಾರು ಇಣುಕುತ್ತದೆ, ನಡುವೆ ಮಸುಕಾಗುತ್ತದೆ, 5ರಿಂದ 7 ದಿನಗಳ ಬಳಿಕ ಮತ್ತೆ ಬರುತ್ತದೆ. ಎಲ್ಲರಿಗೂ ಹೀಗೆಯೇ ಆಗಬೇಕೆಂದಿಲ್ಲ.

ಮಿದುಳಿನ ಹಿಪೋಕ್ಯಾಂಪಸ್ ಹೊಸ ಜಾಗದ ನೆನಪನ್ನು ಮೊದಲು ಹಿಡಿದಿಡುತ್ತದೆ. ಆ ನೆನಪು ಮಿದುಳಿನ ಹೊರಪದರದಲ್ಲಿ ಬೇರೂರಲು ದಿನಗಳು ಬೇಕು. ಅಲ್ಲಿ ಹಳೆಯ ಮನೆ ಆಗಲೇ ಗಟ್ಟಿಯಾಗಿ ಕೂತಿರುತ್ತದೆ. ಹೊಸದನ್ನು ಹಳೆಯದಕ್ಕೆ ಹೆಣೆಯುವ ಈ ಕೆಲಸವೇ ಬೆರಕೆ ಕನಸಾಗಿ ಕಾಣುತ್ತದೆ ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಕನಸು ದಟ್ಟವಾಗಿರುವ ಹಂತದಲ್ಲಿ, ಸರಿತಪ್ಪನ್ನು ತೂಗುವ ಮುಂಭಾಗದ ಮಿದುಳು ಮಂದವಾಗಿರುತ್ತದೆ. ಅಂಗಳದಲ್ಲಿ ರೈಲು ನಿಂತರೂ ನಾನು ಬೆರಗಾಗದಿದ್ದುದು ಅದಕ್ಕೇ ಇರಬೇಕು.

ನೀವೂ ಪರೀಕ್ಷಿಸಬಹುದು. ಇಂಥ ಕನಸುಗಳು ಹೆಚ್ಚಾಗಿ ಬೆಳಗಿನ ಜಾವದವು. ಎಚ್ಚರವಾದೊಡನೆ ಮಗ್ಗುಲು ಬದಲಿಸಬೇಡಿ, ಮೊಬೈಲ್ ಮುಟ್ಟಬೇಡಿ. ಕತೆಗಿಂತ ಮೊದಲು ಜಾಗವನ್ನು ಬರೆಯಿರಿ, ಏಕೆಂದರೆ ಕತೆಯನ್ನು ನಾವು ಎದ್ದಮೇಲೆ ತಿದ್ದಿಬಿಡುತ್ತೇವೆ. ಪಕ್ಕದಲ್ಲಿ, ಆ ಹೊಸ ವಸ್ತುವನ್ನು ಮೊದಲು ಕಂಡ ತಾರೀಖನ್ನೂ ಬರೆಯಿರಿ. ಲಿಫ್ಟಿನಂತೆ ದಿನವೂ ಕಾಣುವ ವಸ್ತುವಿಗೆ ಈ ಲೆಕ್ಕ ಅಷ್ಟು ಖಚಿತವಲ್ಲ. ಒಮ್ಮೆ ಮಾತ್ರ ಕಂಡದ್ದು ಒಳ್ಳೆಯ ಸಾಕ್ಷಿ. ಒಂದೇ ಭಯದ ಕನಸು ಮರುಕಳಿಸಿ ನಿದ್ರೆ ಕೆಡಿಸುತ್ತಿದ್ದರೆ ಮಾತ್ರ ವೈದ್ಯರನ್ನು ಕಾಣಿರಿ.

ನನ್ನ ಪುಸ್ತಕದಲ್ಲಿ ಹೊಸ ವಸ್ತುಗಳು ಬದಲಾಗುತ್ತಲೇ ಹೋದವು. ಬಾಗಿಲು, ಮೆಟ್ಟಿಲು, ಅಂಗಳ ಮಾತ್ರ ಬಹುಕಾಲ ಊರಿನವೇ ಆಗಿದ್ದವು. ಎರಡನೆಯ ವರ್ಷ ದೀಪಾವಳಿಗೆ ಊರಿಗೆ ಹೋಗಿ ಹಳೆಯ ಜಗಲಿಯಲ್ಲಿಯೇ ಮಲಗಿದ್ದೆ. ಕನಸಿನಲ್ಲಿ ಅಮ್ಮ ಡೊಂಬಿವಲಿಯ ಮನೆಯ ಬಾಗಿಲು ತೆರೆದು, ಚಪ್ಪಲಿ ಹೊರಗೆ ಬಿಡು ಎಂದಳು.