ಸಿರಿ ಬದುಕುವುದು ಎಲ್ಲಿ ತೀರ್ಮಾನವಾಗುತ್ತದೆ

ಕೇಳುಗರಿಗೆಲ್ಲ ನಮಸ್ಕಾರ.

ಹತ್ತು ನಿಮಿಷ ಕೊಟ್ಟಿದ್ದಾರೆ. ಹಾಗಾಗಿ ನಾನು ಒಂದೇ ಮಾತು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಆಡುವ ಕಥೆಯ ಆಟಗಳಲ್ಲಿ ಬೇರೆ ಬೇರೆ ಮುಕ್ತಾಯಗಳಿರುತ್ತವೆ ಅಲ್ವಾ, ಅವನ್ನು ನಿರ್ಧರಿಸುವುದು ಹಳೆಯ ಲೆಕ್ಕ. ನೀವು ಕೊನೆಯಲ್ಲಿ ಒತ್ತುವ ಗುಂಡಿಯಿಂದ ಬದಲಾಗುವುದು ಬಹಳ ಕಡಿಮೆ. ನಾನು ಇಂಥ ಆಟಗಳಿಗೆ ಕಥೆ ಬರೆಯುವವನು. ಎಲ್ಲಿ ಹೋದರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಕೊನೆಯಲ್ಲಿ ಸರಿಯಾದ ಉತ್ತರವನ್ನೇ ಕೊಟ್ಟೆ, ಆದರೂ ಯಾಕೆ ಕೆಟ್ಟದಾಗಿ ಮುಗಿಯಿತು?"

ನಿಮ್ಮ ಬೀದಿಯ ಕಿರಾಣಿ ಅಂಗಡಿಯನ್ನು ನೆನೆಸಿಕೊಳ್ಳಿ. ತಿಂಗಳೆಲ್ಲ ಸಾಮಾನು ತರುತ್ತೀರಿ, ಅಂಗಡಿಯವರು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪುಸ್ತಕ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಕೊನೆಗೆ ಹೋದಾಗ ಎಷ್ಟು ನಗುತ್ತಾ ಮಾತಾಡಿದರೂ ಮೊತ್ತ ಬದಲಾಗುವುದಿಲ್ಲ. ಆಟದೊಳಗೂ ಅಂಥದೇ ಒಂದು ಪುಸ್ತಕ ಇದೆ. ಒಂದೊಂದು ಪಾತ್ರಕ್ಕೆ ಒಂದೊಂದು ಅಂಕೆ. ನೀವು ಒಂದು ಮಾತು ಆಡಿದರೆ ಅದು ಒಂದು ಏರುತ್ತದೆ, ಇನ್ನೊಂದು ಮಾತು ಆಡಿದರೆ ಇಳಿಯುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಈಗ ನನ್ನ ಅಕ್ಕನ ಮಗಳ ವಿಷಯ ಹೇಳಬೇಕು. ಅವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದಳು. "ಮಾಮಾ, ಸಿರಿ ಸತ್ತುಹೋದಳು" ಅಂದಳು. ಧ್ವನಿ ಒದ್ದೆಯಾಗಿತ್ತು. ನನಗೆ ಎದೆ ಝಲ್ಲೆಂದಿತು, ಅವಳ ಗೆಳತಿಯರಲ್ಲಿ ಯಾರೋ ಇರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು 'ದಿ ವಿಚರ್ 3' ಆಟದ ಸಿರಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ತಂದ ಆಟ ಅದು. ದೊಡ್ಡವರ ಆಟ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ನೀವು ಗೆರಾಲ್ಟ್ ಎಂಬ ರಾಕ್ಷಸ ಬೇಟೆಗಾರ. ಸಿರಿ ಅವನ ಸಾಕುಮಗಳು. ಕೊನೆಗೆ ಲೋಕವನ್ನೇ ನುಂಗಲು ಬರುವ ಹಿಮವನ್ನು ತಡೆಯಲು ಅವಳು ಒಬ್ಬಳೇ ಒಂದು ಬಾಗಿಲು ದಾಟಿ ಹೋಗುತ್ತಾಳೆ. ಕೆಲವರ ಆಟದಲ್ಲಿ ಬದುಕಿ ಬರುತ್ತಾಳೆ, ಕೆಲವರ ಆಟದಲ್ಲಿ ಬರುವುದಿಲ್ಲ.

"ಕೊನೆಯಲ್ಲಿ ಏನು ಹೇಳಬೇಕಿತ್ತು ಮಾಮಾ?" ಅಂತ ಕೇಳಿದಳು. ಏನೂ ಇಲ್ಲಮ್ಮಾ ಅಂದೆ. ಅಲ್ಲಿ ಏನು ಹೇಳಿದರೂ ಅವಳ ಹಣೆಬರಹ ಬದಲಾಗುವುದಿಲ್ಲ. ಲೆಕ್ಕ ನಡೆಯುವುದು ಅದಕ್ಕೂ ಮುಂಚೆ ಐದು ಜಾಗಗಳಲ್ಲಿ. ಅವುಗಳಲ್ಲಿ ಕನಿಷ್ಠ ಮೂರು ಸಿರಿಯ ಪರವಾಗಿ ಬಿದ್ದಿರಬೇಕು. ಆ ಐದನ್ನೂ ನಾವಿಬ್ಬರೂ ಫೋನಿನಲ್ಲೇ ಒಂದೊಂದಾಗಿ ತೆಗೆದು ನೋಡಿದೆವು.

ಮೊದಲನೆಯದು ಕೇರ್ ಮೋರೆನ್ ಕೋಟೆಯಲ್ಲಿ. ಗುರು ವೆಸೆಮಿರ್ ಸತ್ತಿದ್ದಾನೆ. ಸಿರಿ ಕುಗ್ಗಿ ಕೂತಿದ್ದಾಳೆ. ಎರಡು ಮಾತುಗಳು ಕಾಣುತ್ತವೆ. "ಎಲ್ಲದರಲ್ಲೂ ಗೆಲ್ಲಬೇಕಾಗಿಲ್ಲ, ಬಿಡು" ಅನ್ನುವುದು ಒಂದು. "ನಿನ್ನ ಮನಸ್ಸು ಹಗುರವಾಗುವುದು ಹೇಗೆ ಅಂತ ನನಗೆ ಗೊತ್ತು" ಅನ್ನುವುದು ಇನ್ನೊಂದು. ಮೊದಲನೆಯದು ಆರಿಸಿದರೆ ಇಬ್ಬರೂ ಕುಡಿಯುತ್ತಾ ಕೂರುತ್ತಾರೆ. ಎರಡನೆಯದಕ್ಕೆ ಹೊರಗೆ ಹೋಗಿ ಹಿಮದ ಉಂಡೆ ಎಸೆದಾಡುತ್ತಾರೆ. ನಮ್ಮ ಹುಡುಗಿ ಮೊದಲನೆಯದು ಒತ್ತಿದ್ದಳು. "ಪಾಪ, ಸಮಾಧಾನ ಮಾಡೋಣ ಅಂತ" ಅಂದಳು. ಲೆಕ್ಕದಲ್ಲಿ ಅದು ಇಳಿಕೆ.

ಎರಡನೆಯದು, ಸಿರಿಯ ಹೆತ್ತ ತಂದೆಯಾದ ಚಕ್ರವರ್ತಿಯ ಬಳಿಗೆ ಅವಳನ್ನು ಕರೆದುಕೊಂಡು ಹೋಗುವುದು. ಅಲ್ಲಿ ಅವನು ಹಣ ಕೊಡುತ್ತಾನೆ. ತೆಗೆದುಕೊಂಡರೆ ಮಗಳನ್ನು ಮಾರಿದಂತೆ. ಇವಳು ಆ ಕಡೆ ಹೋಗಲೇ ಇಲ್ಲ. ಮೂರನೆಯದು, ಮಾಟಗಾತಿಯರ ಕೂಟ ಸಿರಿಯ ಜೊತೆ ಮಾತಾಡಬೇಕು ಅನ್ನುತ್ತದೆ. "ನೀನೇ ಹೋಗು, ನಿನ್ನಿಂದ ಆಗುತ್ತದೆ" ಅನ್ನಬೇಕಿತ್ತು. ಇವಳು ಜೊತೆಗೆ ಹೋದಳು. ಇಳಿಕೆ. ನಾಲ್ಕನೆಯದು, ತನಗೆ ಪಾಠ ಹೇಳಿದವನ ಪ್ರಯೋಗಶಾಲೆಯಲ್ಲಿ ಸಿರಿಗೆ ವಿಪರೀತ ಸಿಟ್ಟು ಬರುತ್ತದೆ, ಎಲ್ಲವನ್ನೂ ಒಡೆದು ಹಾಕಬೇಕು ಅನಿಸುತ್ತದೆ. ಒಡೆಯಲು ಬಿಟ್ಟರೆ ಏರಿಕೆ. ಇವಳು "ಸಮಾಧಾನ, ಸಮಾಧಾನ" ಅಂದಳು. ಐದನೆಯದು, ಸಿರಿಗೆ ಸಹಾಯ ಮಾಡಿ ಸತ್ತ ಒಬ್ಬ ಹುಡುಗನ ಸಮಾಧಿಗೆ ಜೊತೆಗೆ ಹೋಗುವುದು. ಅಲ್ಲಿಗೆ ಹೋಗಿದ್ದಳು. ಐದರಲ್ಲಿ ಒಂದು ಬಂತು.

"ಆದರೆ ನಾನು ಎಲ್ಲ ಕಡೆ ಪ್ರೀತಿಯಿಂದಲೇ ನಡೆದುಕೊಂಡೆ ಮಾಮಾ" ಅಂದಳು. ನಿಜ. ಇಲ್ಲೇ ಜನ ಎಡವುವುದು. ಆ ಅಂಕೆ ಒಳ್ಳೆಯತನವನ್ನು ಎಣಿಸುತ್ತಿರಲಿಲ್ಲ. ಗೆರಾಲ್ಟ್ ಅವಳನ್ನು ಬೆಳೆದ ಹೆಣ್ಣು ಅಂತ ನಂಬುತ್ತಾನಾ ಅನ್ನುವುದನ್ನು ಎಣಿಸುತ್ತಿತ್ತು. ಅಷ್ಟೂ ಹೊತ್ತು ಕೈ ಹಿಡಿದುಕೊಂಡೇ ನಡೆಸಿದ್ದಕ್ಕೆ, ಕೊನೆಗೆ ಒಬ್ಬಳೇ ಹೋಗಬೇಕಾದಾಗ ಅವಳಿಗೆ ತನ್ನ ಮೇಲೆ ಧೈರ್ಯ ಉಳಿದಿರಲಿಲ್ಲ. ಬಾಗಿಲು ದಾಟುವಾಗ ಸಿರಿಗೆ ಹಳೆಯ ಗಳಿಗೆಗಳು ನೆನಪಾಗುತ್ತವೆ, ಗಮನಿಸಿ. ಉದ್ರಿ ಪುಸ್ತಕವನ್ನು ನಿಮ್ಮ ಮುಂದೆ ತೆರೆದಿಟ್ಟಂತೆ ಅದು. ನೋಡುವಾಗ ಬರೀ ಚಂದದ ದೃಶ್ಯ ಅನಿಸುತ್ತದೆ, ಆದರೆ ಲೆಕ್ಕವೇ ಅಲ್ಲಿ ಕಾಣುತ್ತಿರುತ್ತದೆ.

ಇಷ್ಟಕ್ಕೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಪರವಾಗಿಲ್ಲ, ಈ ಐದು ಗೊತ್ತಾದರೆ ಉಳಿದದ್ದು ಸುಲಭ. ಅಂಕೆಯ ಜೊತೆಗೆ ಇನ್ನೊಂದು ಇರುತ್ತದೆ, ಗುರುತು. ದೀಪದ ಸ್ವಿಚ್ಚಿನ ಹಾಗೆ, ಹೌದು ಅಥವಾ ಇಲ್ಲ, ಅಷ್ಟೆ. ಬದುಕಿದ ಸಿರಿ ಸಾಮ್ರಾಜ್ಞಿ ಆಗುತ್ತಾಳೋ ಬೇಟೆಗಾರ್ತಿ ಆಗುತ್ತಾಳೋ ಅನ್ನುವುದಕ್ಕೆ ಆಟ ಗುರುತುಗಳನ್ನು ನೋಡುತ್ತದೆ. ಚಕ್ರವರ್ತಿಯ ಬಳಿ ಕರೆದೊಯ್ದಿದ್ದೀರಾ, ಯುದ್ಧವನ್ನು ಅವನ ಕಡೆಯವರು ಗೆದ್ದರಾ. ಇಲ್ಲಿ ಅಂಕೆ ಎಷ್ಟಿದ್ದರೂ ಆ ಗುರುತುಗಳಿಲ್ಲದೆ ಸಾಮ್ರಾಜ್ಞಿಯ ಮುಕ್ತಾಯ ಸಿಗುವುದಿಲ್ಲ.

ಇನ್ನೊಂದು ವಿಷಯ, ಅಂಕೆ ಸೊನ್ನೆಯಿಂದಲೇ ಶುರುವಾಗಬೇಕು ಅಂತಿಲ್ಲ. 1997ರ 'ಫೈನಲ್ ಫ್ಯಾಂಟಸಿ 7'ರಲ್ಲಿ ಒಂದು ಸಂಜೆ ನಾಯಕನ ಜೊತೆ ಯಾರು ಸುತ್ತಾಡಲು ಬರುತ್ತಾರೆ ಅನ್ನುವುದಕ್ಕೆ ಇಂಥದೇ ಗುಟ್ಟಿನ ಅಂಕೆ ಇದೆ. ಏರಿತ್‌ಗೆ 50, ಟೀಫಾಗೆ 30, ಯೂಫಿಗೆ 10, ಬ್ಯಾರೆಟ್‌ಗೆ 0. ಇದು ಆರಂಭದ ಲೆಕ್ಕ. ಸುಮ್ನೆ ಆಡುತ್ತಾ ಹೋದರೆ ಬಹಳ ಮಂದಿಗೆ ಏರಿತ್ ಬರುವುದು ಅದಕ್ಕೇ.

ಆಟ ಬರೆಯುತ್ತಿರುವ ಹುಡುಗ ಹುಡುಗಿಯರು ಕೇಳುತ್ತಿದ್ದರೆ ಒಂದು ಮಾತು. ಕೊನೆಯಲ್ಲಿ ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಪರೀಕ್ಷೆ ಮಾಡುತ್ತೀರಿ. ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. ನನ್ನ ಒಂದು ಕಥೆಯಲ್ಲಿ "5 ಅಥವಾ ಜಾಸ್ತಿ ಇದ್ದರೆ ಸ್ನೇಹ" ಅನ್ನುವ ಸಾಲು ಮೇಲಿತ್ತು, "8 ಅಥವಾ ಜಾಸ್ತಿ ಇದ್ದರೆ ಮದುವೆ" ಅನ್ನುವುದು ಕೆಳಗಿತ್ತು. 9 ಗಳಿಸಿದವರೂ ಮೇಲಿನ ಸಾಲಿಗೇ ಸಿಕ್ಕಿಬಿದ್ದರು. ಒಬ್ಬರಿಗೂ ಮದುವೆ ಆಗಲಿಲ್ಲ. ದೊಡ್ಡ ಅಂಕೆಯ ಸಾಲನ್ನು ಮೇಲಿಡಿ. ಆಮೇಲೆ ಎಲ್ಲ ಒಳ್ಳೆಯ ಉತ್ತರ ಕೊಟ್ಟು ಒಂದು ಸಲ ಆಡಿ, ಗಳಿಸಬಹುದಾದ ಒಟ್ಟು ಅಂಕ ಎಷ್ಟು ಅಂತ ಕಾಗದದ ಮೇಲೆ ಕೂಡಿ ನೋಡಿ, ಅದು ಮೇಲಿನ ಸಾಲಿನ ಅಂಕೆಯನ್ನು ಮುಟ್ಟಬೇಕು.

ಆಡುವವರಿಗೆ ನಾನು ಮತ್ತೆ ಅದೇ ಮಾತು ಹೇಳುತ್ತೇನೆ, ಹಳೆಯ ಲೆಕ್ಕ. ಕೊನೆಯ ದೃಶ್ಯದ ಮುಂಚೆ ಸೇವ್ ಮಾಡಿಕೊಂಡು ಅಲ್ಲಿಂದಲೇ ಹತ್ತು ಸಲ ಆಡಬೇಡಿ. ದಯವಿಟ್ಟು ಬೇಡ. ಪ್ರತಿ ದೊಡ್ಡ ಘಟ್ಟದಲ್ಲೂ ಬೇರೆ ಬೇರೆ ಸೇವ್ ಇಟ್ಟುಕೊಳ್ಳಿ, ಒಂದರ ಮೇಲೊಂದು ಬರೆಯಬೇಡಿ.

ನಮ್ಮ ಹುಡುಗಿಯ ಹತ್ತಿರ ಅದೃಷ್ಟಕ್ಕೆ ಕೇರ್ ಮೋರೆನ್‌ನ ಒಂದು ಹಳೆಯ ಸೇವ್ ಇತ್ತು. ಅಲ್ಲಿಂದ ಮತ್ತೆ ಆಡಿದಳು. ಹಿಮದ ಉಂಡೆ ಎಸೆದಳು. ಕೂಟಕ್ಕೆ ಸಿರಿಯನ್ನು ಒಬ್ಬಳೇ ಕಳಿಸಿದಳು. ಪ್ರಯೋಗಶಾಲೆ ಒಡೆಯಲು ಮಾತ್ರ ಈ ಸಲವೂ ಮನಸ್ಸು ಬರಲಿಲ್ಲವಂತೆ. ಸಮಾಧಿಗೆ ಹೋದಳು. ಸರಿಯಾಗಿ ಮೂರು. ಎರಡು ವಾರ ಬಿಟ್ಟು ಭಾನುವಾರ ಬೆಳಿಗ್ಗೆ ಫೋನ್ ಬಂತು. ವೈಟ್ ಆರ್ಚರ್ಡ್ ಊರಿನ ಹೋಟೆಲಿನಲ್ಲಿ ಗೆರಾಲ್ಟ್ ಸಿರಿಯ ಕೈಗೆ ಬೆಳ್ಳಿಯ ಕತ್ತಿ ಕೊಡುತ್ತಿದ್ದಾನೆ, "ನೋಡು ಮಾಮಾ, ನೋಡು" ಅಂತ ಫೋನನ್ನು ಪರದೆಯ ಕಡೆಗೆ ಹಿಡಿದಿದ್ದಳು.

ನಮಸ್ಕಾರ.