ಡಬ್ಬಿಯ ಅತಿ ತಣ್ಣನೆಯ ಬಿಂದು

ಸ್ನೇಹಿತರೇ, ಒಂದೇ ಅಳತೆಯ ಎರಡು ಡಬ್ಬಿಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದರಲ್ಲಿ ಉಪ್ಪುನೀರಿನಲ್ಲಿ ಮುಳುಗಿದ ಬಟಾಣಿ, ಇನ್ನೊಂದರಲ್ಲಿ ಬೇಯಿಸಿ ಅರೆದ ಗಟ್ಟಿ ಕುಂಬಳಕಾಯಿ. ಎರಡನ್ನೂ 121 ಡಿಗ್ರಿ ಸೆಲ್ಸಿಯಸ್ ಹಬೆಯಿರುವ ರಿಟಾರ್ಟಿನಲ್ಲಿ, ಅಂದರೆ ಡಬ್ಬಿಗಳನ್ನು ಒತ್ತಡದಲ್ಲಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ, ನೆಟ್ಟಗೆ ನಿಲ್ಲಿಸಿದ್ದೇವೆ.

ಬಟಾಣಿಯ ಡಬ್ಬಿಯಲ್ಲಿ ಗೋಡೆಗೆ ತಾಗಿದ ನೀರು ಕಾದು ಹಗುರವಾಗಿ ಮೇಲೇರುತ್ತದೆ, ನಡುವಿನ ತಣ್ಣನೆಯ ನೀರು ಕೆಳಗಿಳಿಯುತ್ತದೆ. ಇದು ಸಂವಹನ. ಬಿಸಿ ಬೇಗ ಹರಡುತ್ತದೆ, ಕೊನೆಗೆ ಕಾಯುವ ಜಾಗ ನಡುಗೆರೆಯ ಮೇಲೆ, ತಳಕ್ಕೆ ಹತ್ತಿರದಲ್ಲಿರುತ್ತದೆ. ಕುಂಬಳದ ಮುದ್ದೆ ಅಲುಗಾಡುವುದಿಲ್ಲ. ಅಲ್ಲಿ ಬಿಸಿ ಪದರದಿಂದ ಪದರಕ್ಕೆ ದಾಟಬೇಕು. ಇದು ವಹನ. ಅದರಲ್ಲಿ ಅತಿ ತಣ್ಣನೆಯ ಬಿಂದು ಡಬ್ಬಿಯ ನಟ್ಟನಡುವೆ.

ಆ ಬಿಂದುವಿಗೇ ಏಕೆ ಇಷ್ಟು ಮಹತ್ವ? ಮಾರಕ ವಿಷ ತಯಾರಿಸುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಬಾಟುಲಿನಮ್‌ನ ಬೀಜಕಗಳು ಡಬ್ಬಿಯ ಯಾವ ಮೂಲೆಯಲ್ಲಾದರೂ ಇರಬಹುದು. ಹುಳಿ ಕಡಿಮೆಯಿರುವ ಆಹಾರದಲ್ಲಿ ಅವನ್ನು ಕೊಲ್ಲಲು 121 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷಗಳಿಗೆ ಸಮನಾದ ತಾಪ ಸಿಗಬೇಕೆಂಬುದು ರೂಢಿಯಲ್ಲಿರುವ ಅಳತೆ. ತಾಪ 10 ಡಿಗ್ರಿ ಕುಸಿದರೆ ಅದರ ಕೊಲ್ಲುವ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈಗ ಲೆಕ್ಕ ಹಾಕೋಣ. ನಮ್ಮ ಕುಂಬಳದ ಡಬ್ಬಿಯ ನಡುಭಾಗ 50 ನಿಮಿಷಗಳಲ್ಲಿ 111 ಡಿಗ್ರಿ ತಲುಪಿತು ಎಂದುಕೊಳ್ಳಿ. ಆ ಹೊತ್ತಿಗೆ ಅಲ್ಲಿ ಒಂದು ನಿಮಿಷದಷ್ಟು ಕೆಲಸವೂ ಆಗಿರುವುದಿಲ್ಲ, ಹೊರಪದರ ಅತಿಯಾಗಿ ಬೆಂದಿದ್ದರೂ ಸರಿಯೇ. ಮುಂದಿನ 15 ನಿಮಿಷಗಳಲ್ಲಿ ತಾಪ 116ಕ್ಕೆ ಏರುತ್ತದೆ. ಈ ಅವಧಿಯ ಪ್ರತಿ ನಿಮಿಷವೂ ಸರಾಸರಿಯಾಗಿ 121 ಡಿಗ್ರಿಯ ಸುಮಾರು ಐದನೇ ಒಂದು ನಿಮಿಷಕ್ಕೆ ಸಮ, ಅಂದರೆ ಒಟ್ಟು 3 ನಿಮಿಷಗಳ ಲೆಕ್ಕ. ಸಂಸ್ಕರಣೆಯ ಬಹುಪಾಲು ಕೆಲಸ ಈ ಕೊನೆಯ ಕಾಲುಗಂಟೆಯಲ್ಲೇ ನಡೆಯುತ್ತದೆ. ಸಮಯ ಉಳಿಸಲೆಂದು 15 ನಿಮಿಷ ಮೊದಲೇ ಹಬೆ ನಿಲ್ಲಿಸುವವರು ಕಳೆದುಕೊಳ್ಳುವುದು ಇದನ್ನೇ.

ಆದ್ದರಿಂದ ಡಬ್ಬಿಯೊಳಗಿನ ತಾಪ ಅಳೆಯುವ ಥರ್ಮೋಕಪಲ್‌ನ ತುದಿ ಎಲ್ಲಿದೆ ಎಂಬುದನ್ನು ನಾನು ಪದೇ ಪದೇ ಕೇಳುತ್ತೇನೆ. ಅದು ಬಿಂದುವಿನಿಂದ ಸ್ವಲ್ಪ ಸರಿದು 3 ಡಿಗ್ರಿ ಹೆಚ್ಚು ತೋರಿಸಿದರೆ, ಕೊಲ್ಲುವ ಶಕ್ತಿ ಇರುವುದಕ್ಕಿಂತ ಎರಡು ಪಟ್ಟು ಎಂದು ಕಾಗದದಲ್ಲಿ ದಾಖಲಾಗುತ್ತದೆ. ಡಬ್ಬಿ ತೆರೆದು, ತುದಿ ನಿಂತ ಜಾಗವನ್ನು ಅಳೆಯದೆ ಆ ಅಂಕಿಯನ್ನು ನಂಬಬೇಡಿ.

ಬಟಾಣಿಯಲ್ಲೂ ಮೈಮರೆಯುವಂತಿಲ್ಲ. ನೀರಿಗೆ ಪಿಷ್ಟ ಬೆರೆಸಿದ್ದರೆ ಅದು ಕಾಯುತ್ತಾ ಗಟ್ಟಿಯಾಗುತ್ತದೆ. ಸುತ್ತಾಟ ನಡುವೆಯೇ ನಿಂತು ವಹನ ಶುರುವಾಗುತ್ತದೆ. ತಾಪದ ಗೆರೆ ಚುರುಕಾಗಿ ಏರುತ್ತಿದ್ದದ್ದು ಒಮ್ಮೆಲೇ ಬಾಗುತ್ತದೆ, ತಣ್ಣನೆಯ ಬಿಂದುವೂ ತಳದಿಂದ ನಡುವಿನತ್ತ ಸರಿಯುತ್ತದೆ. ಅಂಥ ಆಹಾರಕ್ಕೆ ತೆಳು ನೀರಿನ ಡಬ್ಬಿಯ ಸಮಯವನ್ನು ಎರವಲು ತರಬಾರದು. ಹಲವು ಎತ್ತರಗಳಲ್ಲಿ ಅಳೆದು, ಅಳೆದ ಡಬ್ಬಿಗಳ ಸರಾಸರಿಯನ್ನಲ್ಲ, ಅವುಗಳಲ್ಲಿ ಅತಿ ನಿಧಾನವಾಗಿ ಕಾದ ಡಬ್ಬಿಯನ್ನೇ ಹಿಡಿದು ಸಮಯ ನಿಗದಿ ಮಾಡಬೇಕು.