ಮೂರು ತಿಂಗಳು ಯಾವತ್ತಿನಿಂದ?

ಕೇಳುಗರೇ, ನಮಸ್ಕಾರ.

ಕುಂಬಳೆ ಕಡೆಯ ಒಂದು ಗೇರುಬೀಜ ಕಾರ್ಖಾನೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆದರೆ ಏನು ಮಾಡಬೇಕು ಎಂಬ ನಿಯಮಾವಳಿ ಅಲ್ಲಿತ್ತು. 2013ರ ಕಾಯ್ದೆಯಂತೆ ಬರೆಸಿದ್ದು. 22 ಪುಟ, ಪೂರ್ತಿ ಇಂಗ್ಲಿಷ್. ಗೋಡೆಗೆ ಅಂಟಿಸಿದ ಚೀಟಿ ಮಲಯಾಳದಲ್ಲಿ. ಬೀಜ ಸುಲಿಯುವ ಅಕ್ಕಂದಿರಲ್ಲಿ ಕನ್ನಡ ಮಾತ್ರ ಓದಬಲ್ಲವರು ಜಾಸ್ತಿ. ಅವರಿಗಾಗಿ ಒಂದು ಹಾಳೆಯ ಪ್ರಶ್ನೋತ್ತರ ಮಾಡುವ ಕೆಲಸ ನನಗೆ ಬಂತು.

ನಿಯಮಾವಳಿಯ ಮೊದಲ ಪುಟಗಳಲ್ಲಿ ಇದ್ದದ್ದು ಯಾವ ಪದಕ್ಕೆ ಏನರ್ಥ ಎಂಬುದು ಮಾತ್ರ. ಅದನ್ನು ಬದಿಗಿಟ್ಟು ಚಹಾದ ಹೊತ್ತಿಗೆ ಅಕ್ಕಂದಿರ ಜೊತೆ ಕೂತೆ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. "ಕಾರ್ಖಾನೆಯ ವ್ಯಾನಿನಲ್ಲಿ ಆದರೆ ಲೆಕ್ಕಕ್ಕೆ ಬರುತ್ತದಾ?" ಬರುತ್ತದೆ. "ನನಗೆ ಬರೆಯಲು ಬಾರದು, ಏನು ಮಾಡಲಿ?" ದೂರು ವಿಚಾರಿಸಲು ಕಾರ್ಖಾನೆಯಲ್ಲಿರುವ ಸಮಿತಿಯೇ ಬರೆಯಲು ಸಹಾಯ ಮಾಡಬೇಕು. ಪ್ರತಿ ಉತ್ತರದ ಪಕ್ಕ ನಿಯಮದ ಸಂಖ್ಯೆ ಹಾಕಿದೆ. ಯಾರಾದರೂ ಒಪ್ಪದಿದ್ದರೆ ತೆಗೆದು ತೋರಿಸಬಹುದು, ಅಲ್ವಾ?

ನಾನು ಎಡವಿದ್ದು ಚಿಕ್ಕದು ಮಾಡಲು ಹೋಗಿ. "ಸುಳ್ಳು ದೂರು ಕೊಟ್ಟರೆ ಕ್ರಮ ಉಂಟು" ಎಂದು ಒಂದೇ ಸಾಲು ಬರೆದಿದ್ದೆ. ಹಾಳೆಯನ್ನು ಒಬ್ಬ ಅಕ್ಕನ ಕೈಗೆ ಕೊಟ್ಟು, ಓದಿ ನಿಮ್ಮ ಮಾತಿನಲ್ಲಿ ಹೇಳಿ ಎಂದೆ. ಅವರು ಹೇಳಿದರು, "ಸಾಕ್ಷಿ ಇಲ್ಲದಿದ್ದರೆ ನನ್ನನ್ನೇ ಕೆಲಸದಿಂದ ತೆಗೆಯುತ್ತಾರೆ ಅಂತ." ಎದೆ ಧಸಕ್ಕೆಂದಿತು. ಕಾಯ್ದೆ ಹೇಳುವುದು ಅದಲ್ಲ. ಕೆಡುಕು ಮಾಡಲೆಂದೇ ಅಥವಾ ಸುಳ್ಳು ಎಂದು ಗೊತ್ತಿದ್ದೂ ದೂರು ಕೊಟ್ಟದ್ದು, ಇಲ್ಲವೇ ನಕಲಿ ಅಥವಾ ದಾರಿ ತಪ್ಪಿಸುವ ದಾಖಲೆ ಕೊಟ್ಟದ್ದು ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ಕ್ರಮ. ದೂರನ್ನು ಸಾಬೀತು ಮಾಡಲು ಆಗಲಿಲ್ಲ ಎಂಬುದಷ್ಟೇ ತಪ್ಪಲ್ಲ. ನಾನು ಬಿಟ್ಟಿದ್ದು ಆ ಎರಡನೇ ಮಾತನ್ನೇ. ಹಾಳೆ ಹಾಗೆಯೇ ಹೋಗಿದ್ದರೆ ಹೆದರಿ ಸುಮ್ನೆ ಕೂರುವವರು ಇನ್ನೂ ಹೆಚ್ಚುತ್ತಿದ್ದರು.

ಗಡುವಿನದ್ದೂ ಹಾಗೆಯೇ. "ಮೂರು ತಿಂಗಳೊಳಗೆ ದೂರು ಕೊಡಿ" ಎಂದರೆ ಸಾಲದು. ಯಾವತ್ತಿನಿಂದ? ಒಬ್ಬರಿಗೆ ಜನವರಿ 10ರಂದು ಒಮ್ಮೆ, ಮಾರ್ಚ್ 20ರಂದು ಮತ್ತೊಮ್ಮೆ ಕಿರುಕುಳ ಆಯಿತು ಎನ್ನೋಣ. ಮೊದಲ ಸಲದಿಂದ ಎಣಿಸಿದರೆ ಏಪ್ರಿಲ್ 10ಕ್ಕೆ ಮುಗಿಯಿತು ಎಂದು ಅವರು ಕೈಬಿಡುತ್ತಾರೆ. ಆದರೆ ಮತ್ತೆ ಮತ್ತೆ ಆದದ್ದಕ್ಕೆ ಎಣಿಕೆ ಕೊನೆಯ ಸಲದಿಂದ. ಅವರಿಗೆ ಜೂನ್ 20ರವರೆಗೆ ಸಮಯ ಉಂಟು. ತಡವಾಗಲು ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. "ಕೊಡಬಹುದು" ಎಂಬುದನ್ನು "ಕೊಡುತ್ತದೆ" ಎಂದು ಬರೆಯಬಾರದು. ಅದನ್ನೇ ನಂಬಿ ಕೂತವರಿಗೆ ಮೋಸವಾಗುತ್ತದೆ. ಈ ತಾರೀಕುಗಳ ಉದಾಹರಣೆಯನ್ನು ಹಾಳೆಯಲ್ಲೂ ಹಾಕಿದೆವು.

ಒಂದು ಪ್ರಶ್ನೆಗೆ ಮಾತ್ರ ಆ 22 ಪುಟಗಳಲ್ಲಿ ಉತ್ತರವೇ ಇರಲಿಲ್ಲ. "ದೂರು ಧಣಿಗಳ ಮೇಲೆಯೇ ಆದರೆ?" ಕಾಯ್ದೆಯಲ್ಲಿ ಉಂಟು, ಅಂಥ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಆಡಳಿತದವರಿಗೆ ತೋರಿಸಿ, ನಿಯಮಾವಳಿಗೂ ಆ ಸಾಲು ಸೇರಿಸಲು ಹೇಳಿದೆ. ಹಾಳೆಯಲ್ಲಿ ಅದನ್ನು "ಯಾರಿಗೆ ಹೇಳುವುದು?" ಎಂಬ ಮೊದಲ ಪ್ರಶ್ನೆಯ ಕೆಳಗೇ ಇಟ್ಟೆವು, ಸಮಿತಿಯವರ ಫೋನ್ ನಂಬರಿನ ಜೊತೆಗೆ.

ನಮಸ್ಕಾರ.